ಬಲಪಕ್ಕೆಯ ಭಾರ ಮತ್ತು ಐದು ಲೋಟ ಕಾಫಿ: ತೋಟದ ರೈಟರೊಬ್ಬರ ಫ್ಯಾಟಿ ಲಿವರ್ ಪ್ರಕರಣ

ರೋಗಿಗೆ 46 ವರ್ಷ. ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ. ಬೆಳಿಗ್ಗೆ ಆಳುಗಳ ಹಾಜರಿ, ಆಮೇಲೆ ಬೈಕಿನಲ್ಲಿ ತೋಟದ ಸುತ್ತು, ಮಧ್ಯಾಹ್ನದ ನಂತರ ಲೆಕ್ಕ ಪುಸ್ತಕ. ಹತ್ತು ವರ್ಷದ ಹಿಂದೆ ಇದೇ ಸುತ್ತನ್ನು ನಡೆದೇ ಮುಗಿಸುತ್ತಿದ್ದವರು. ಮಾರ್ಚ್ ತಿಂಗಳಲ್ಲಿ, ಕುಯ್ಲು ಮುಗಿದು ಹೂಮಳೆಗೆ ಕಾಯುತ್ತಿದ್ದ ಹೊತ್ತಿಗೆ, ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ತೂಗುಹಾಕಿದ ಹಾಗೆ ಭಾರ ಎಂದು ಬಂದರು. ಮೂರು ತಿಂಗಳಿಂದ ಇದೆ, ನೋವಲ್ಲ, ಊಟವಾದ ಮೇಲೆ ಹೆಚ್ಚು, ಬಗ್ಗಿ ಬೂಟು ಕಟ್ಟುವಾಗ ಒತ್ತಿದ ಹಾಗಾಗುತ್ತದೆ. (ಗುರುತು ಸಿಗಬಾರದೆಂದು ಒಂದೇ ಬಗೆಯ ಹಲವು ರೋಗಿಗಳ ವಿವರಗಳನ್ನು ಸೇರಿಸಿ ಇಲ್ಲಿ ಒಬ್ಬರನ್ನಾಗಿ ಬರೆದಿದೆ.)

ಅವರ ಕೈಯಲ್ಲಿ ಆಗಲೇ ಒಂದು ಸ್ಕ್ಯಾನ್ ರಿಪೋರ್ಟ್ ಇತ್ತು. "ಗ್ರೇಡ್ 2 ಫ್ಯಾಟಿ ಲಿವರ್, ಲಿವರ್ 16.2 ಸೆಂ.ಮೀ." ಅದನ್ನು ಓದಿದ ದಿನದಿಂದ ಭಾರ ಇಮ್ಮಡಿಯಾಗಿದೆ ಎಂದು ಅವರೇ ನಕ್ಕು ಹೇಳಿದರು. ಆ ನಗುವಿನಲ್ಲಿ ಸತ್ಯವಿದೆ. ಪಕ್ಕೆ ಭಾರ ಮತ್ತು ಲಿವರಿನ ಕೊಬ್ಬು ಒಬ್ಬರಲ್ಲೇ ಕಂಡವು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಎನ್ನಲು ಬರುವುದಿಲ್ಲ.

ಭಾರ ಎಲ್ಲಿಯದು?

ಲಿವರಿನ ಒಳಭಾಗಕ್ಕೆ ನೋವು ತಿಳಿಯುವ ನರಗಳಿಲ್ಲ. ಅದನ್ನು ಸುತ್ತಿಕೊಂಡ ತೆಳು ಪೊರೆಗೆ ಇವೆ. ಲಿವರ್ ಕೊಬ್ಬು ತುಂಬಿ ಉಬ್ಬಿದಾಗ ಆ ಪೊರೆ ಹಿಗ್ಗಿ, ಒಂದು ಮಂಕಾದ ಭಾರ ತಿಳಿಯಬಹುದು. ಆದರೆ ಫ್ಯಾಟಿ ಲಿವರ್ ಇರುವ ಹೆಚ್ಚಿನವರಿಗೆ ಏನೂ ತಿಳಿಯುವುದೇ ಇಲ್ಲ. ಹಾಗಾಗಿ ಬಲಪಕ್ಕೆಯಲ್ಲಿ ಭಾರ ಎಂದವರಲ್ಲಿ ಮೊದಲು ಬೇರೆ ಮೂರು ಜಾಗ ನೋಡಬೇಕು.

ಒಂದು, ಪಿತ್ತಕೋಶದ ಕಲ್ಲು. ಅದರ ನೋವಿಗೆ ಒಂದು ಗತ್ತು ಇದೆ. ಜಿಡ್ಡಿನ ಊಟವಾದ ಮೇಲೆ, ಹೆಚ್ಚಾಗಿ ರಾತ್ರಿ, ಏರುತ್ತಾ ಹೋಗಿ ಅರ್ಧ ಗಂಟೆಯಿಂದ ಕೆಲವು ಗಂಟೆ ಗಟ್ಟಿಯಾಗಿ ನಿಲ್ಲುತ್ತದೆ, ಬಲ ಹೆಗಲಿನ ಮೂಳೆಯ ಕಡೆಗೆ ಹಾಯುತ್ತದೆ, ವಾಂತಿಯೂ ಬರಬಹುದು. ಇವರಿಗೆ ಅಂಥದ್ದು ಒಮ್ಮೆಯೂ ಆಗಿರಲಿಲ್ಲ. ಸ್ಕ್ಯಾನಿನಲ್ಲೂ ಪಿತ್ತಕೋಶ ಶುಭ್ರವಾಗಿತ್ತು. ಎರಡು, ಹೊಟ್ಟೆಯ ಗೋಡೆಯ ಸ್ನಾಯು. ಮಲಗಿಸಿ, ನೋಯುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ತಲೆ ಮತ್ತು ಹೆಗಲನ್ನು ಸ್ವಲ್ಪ ಎತ್ತಿ ಎನ್ನಬೇಕು. ಸ್ನಾಯು ಬಿಗಿಯಾದಾಗ ನೋವು ಹೆಚ್ಚಾದರೆ ತೊಂದರೆ ಗೋಡೆಯದು; ಕಡಿಮೆಯಾದರೆ ಒಳಗಿನದು ಇರಬಹುದು. ಇವರಿಗೆ ಹೆಚ್ಚಾಗಲಿಲ್ಲ. ಮೂರು, ದೊಡ್ಡ ಕರುಳು ಲಿವರಿನ ಕೆಳಗೇ ತಿರುವು ತೆಗೆದುಕೊಳ್ಳುವ ಜಾಗ. ಅಲ್ಲಿ ಗಾಳಿ ಮತ್ತು ಮಲ ನಿಂತರೆ ತಿಳಿಯುವುದು ಹೆಚ್ಚುಕಡಿಮೆ ಇದೇ ಭಾರ. ಕೇಳಿದಾಗ, ಎರಡು ದಿನಕ್ಕೊಮ್ಮೆ ಹೋಗುವುದು, ಹೋದ ದಿನ ಪಕ್ಕೆ ಹಗುರ ಎಂದರು. ಮೇಲಿಂದ ಸೊಂಟಕ್ಕೆ ಬಿಗಿಯಾದ ಬೆಲ್ಟು, ತೋಟದ ಗುಂಡಿ ರಸ್ತೆಯಲ್ಲಿ ದಿನಕ್ಕೆ ಎರಡು ಗಂಟೆ ಬೈಕು.

ಅಂತೂ ಭಾರದ ಸ್ವಲ್ಪ ಪಾಲು ಲಿವರಿನದು, ಸ್ವಲ್ಪ ಪಾಲು ಕರುಳಿನದು ಎಂದಿಟ್ಟುಕೊಂಡು ಮುಂದೆ ಹೋದದ್ದಾಯಿತು. ಜ್ವರ, ಕಣ್ಣು ಹಳದಿ, ಕಪ್ಪು ಮಲ, ಕಾಲು ಬಾವು, ತಾನಾಗಿ ಇಳಿಯುವ ತೂಕ, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಹೀಗೆ ನಿಧಾನವಾಗಿ ಯೋಚಿಸುವಂತಿಲ್ಲ, ಅದೇ ದಿನ ಆಸ್ಪತ್ರೆ ನೋಡಬೇಕು. ಇವರಿಗೆ ಯಾವುದೂ ಇರಲಿಲ್ಲ.

ಗ್ರೇಡಿಗಿಂತ ಮುಖ್ಯವಾದ ಪ್ರಶ್ನೆ

ಎತ್ತರ 168 ಸೆಂ.ಮೀ., ತೂಕ 82 ಕೆ.ಜಿ., ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ 102 ಸೆಂ.ಮೀ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯೊಳಗೆ ಕೊಬ್ಬು ಕೂತಿದೆ ಎಂದೇ ಲೆಕ್ಕ. ರಕ್ತದಲ್ಲಿ ಲಿವರಿನ ಕಿಣ್ವಗಳಾದ ಎಎಲ್‌ಟಿ 78, ಎಎಸ್‌ಟಿ 49, ಟ್ರೈಗ್ಲಿಸರೈಡ್ 228, ಮೂರು ತಿಂಗಳ ಸಕ್ಕರೆಯ ಸರಾಸರಿ 6.1. ಅಂದರೆ ಸಕ್ಕರೆ ಕಾಯಿಲೆ ಇನ್ನೂ ಇಲ್ಲ, ಹೊಸ್ತಿಲಲ್ಲಿದೆ. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ.

ಸ್ಕ್ಯಾನಿನ ಗ್ರೇಡ್ ಎಂದರೆ ಲಿವರ್ ಪರದೆಯ ಮೇಲೆ ಎಷ್ಟು ಬೆಳ್ಳಗೆ ಕಾಣುತ್ತದೆ ಎನ್ನುವ ಕಣ್ಣಂದಾಜು. ಮಾಡುವವರ ಕಣ್ಣು, ಯಂತ್ರ, ಹೊಟ್ಟೆಯ ದಪ್ಪ, ಎಲ್ಲವೂ ಅದನ್ನು ಬದಲಿಸುತ್ತವೆ. ಇಂದು ಗ್ರೇಡ್ 2 ಎಂದದ್ದನ್ನು ನಾಳೆ ಇನ್ನೊಬ್ಬರು 1 ಎನ್ನಬಹುದು. ನಿಜವಾಗಿ ತಿಳಿಯಬೇಕಾದ್ದು ಲಿವರಿನಲ್ಲಿ ಗಾಯ ಒಣಗಿದ ಕಲೆಯಂಥ ನಾರು ಬೆಳೆದಿದೆಯೇ ಎಂಬುದು. ಮುಂದೆ ಲಿವರ್ ಗಟ್ಟಿಯಾಗಿ ಕೆಡುವ ಸಿರೋಸಿಸ್ ಆಗುವುದು ಆ ದಾರಿಯಿಂದ. ಅದನ್ನು ಅಂದಾಜು ಮಾಡಲು ದುಬಾರಿ ಯಂತ್ರ ಮೊದಲಿಗೇ ಬೇಡ. ಕೈಯಲ್ಲಿರುವ ರಕ್ತ ಪರೀಕ್ಷೆಯಿಂದಲೇ ಫಿಬ್-4 ಎಂಬ ಲೆಕ್ಕ ಮಾಡಬಹುದು: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸುವುದು. ಪ್ಲೇಟ್‌ಲೆಟ್ 2.35 ಲಕ್ಷ ಇದ್ದರೆ ಲೆಕ್ಕದಲ್ಲಿ 235 ಎಂದು ಹಾಕಬೇಕು.

46 × 49 ಅಂದರೆ 2254. 78ರ ವರ್ಗಮೂಲ 8.83, ಅದನ್ನು 235ರಿಂದ ಗುಣಿಸಿದರೆ ಸುಮಾರು 2075. ಉತ್ತರ 1.09. ಇದು 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚು ನಾರು ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ತಜ್ಞರ ಹತ್ತಿರ ಹೋಗಲೇಬೇಕು. ನಡುವೆ ಬಂದರೆ ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು. 65 ದಾಟಿದವರಿಗೆ ಕೆಳಗಿನ ಗಡಿ 2.0. ರೈಟರ್‌ಗೆ ಈ ಒಂದು ಸಂಖ್ಯೆ ಕೊಟ್ಟ ಸಮಾಧಾನ ಯಾವ ಮಾತ್ರೆಯೂ ಕೊಡುತ್ತಿರಲಿಲ್ಲ.

ಕುಡಿತದ ಪ್ರಶ್ನೆಯನ್ನು ಕೊಡಗಿನಲ್ಲಿ ಸುತ್ತುಬಳಸಿ ಕೇಳಬೇಕಾಗಿಲ್ಲ. ಮದುವೆ, ನಾಮಕರಣ, ಹಬ್ಬ ಎಲ್ಲಕ್ಕೂ ಅದು ಇದೆ. ಆದರೆ "ಎಷ್ಟು ಕುಡೀತೀರಿ" ಎಂದರೆ "ಯಾವಾಗಾದ್ರೊಮ್ಮೆ" ಎಂಬ ಉತ್ತರ ಬರುತ್ತದೆ. "ಒಂದು ಫುಲ್ ಬಾಟಲಿ ಮನೆಗೆ ತಂದರೆ ನಿಮಗೊಬ್ಬರಿಗೇ ಎಷ್ಟು ದಿನ ಬರುತ್ತದೆ" ಎಂದು ಕೇಳಿದರೆ ನಿಜ ಸಿಗುತ್ತದೆ. ಇವರಿಗೆ ಎರಡು ವಾರ. 750 ಮಿ.ಲೀ. ವಿಸ್ಕಿಯಲ್ಲಿ ಸುಮಾರು 250 ಗ್ರಾಂ ಆಲ್ಕೊಹಾಲ್, ವಾರಕ್ಕೆ 125. ಗಂಡಸರಲ್ಲಿ ವಾರಕ್ಕೆ 210 ಗ್ರಾಂ, ಹೆಂಗಸರಲ್ಲಿ 140 ದಾಟಿದರೆ ಕಾಯಿಲೆಯ ಹೆಸರಿನಲ್ಲೇ ಮದ್ಯವೂ ಸೇರುತ್ತದೆ. ಇವರದು ಅದಕ್ಕಿಂತ ಕಡಿಮೆ, ಎಎಲ್‌ಟಿಯೇ ಎಎಸ್‌ಟಿಗಿಂತ ಹೆಚ್ಚು, ಹಾಗಾಗಿ ಮುಖ್ಯ ಕಾರಣ ಹೊಟ್ಟೆಯ ಕೊಬ್ಬು ಎಂದು ತೀರ್ಮಾನ. ಆದರೂ ಲಿವರಿನಲ್ಲಿ ಕೊಬ್ಬಿರುವವರಿಗೆ "ಇಷ್ಟು ಕುಡಿಯಬಹುದು" ಎಂಬ ಸುರಕ್ಷಿತ ಅಳತೆ ಇಲ್ಲ. ಆರು ತಿಂಗಳು ಪೂರ್ತಿ ನಿಲ್ಲಿಸಿ ಎಂದು ಹೇಳಿದ್ದು. ಅವರು ಒಪ್ಪಿಕೊಂಡದ್ದು, ಮನೆಗೆ ಬಾಟಲಿ ತರುವುದಿಲ್ಲ, ಕುಟುಂಬದ ಸಮಾರಂಭದಲ್ಲಿ ಮಾತ್ರ 30 ಮಿ.ಲೀ.ಯ ಎರಡು ಪೆಗ್. ಮನೆಯಲ್ಲಿ ಮಾಡಿದ ಹಣ್ಣಿನ ವೈನು "ಮದ್ದಿನ ಹಾಗೆ" ಎಂಬ ನಂಬಿಕೆಯನ್ನು ಮಾತ್ರ ಅಲ್ಲೇ ಬಿಡಿಸಬೇಕಾಯಿತು. ಅದರಲ್ಲಿ ಆಲ್ಕೊಹಾಲ್ ಎಷ್ಟಿದೆಯೆಂದು ಮಾಡಿದವರಿಗೂ ಗೊತ್ತಿರುವುದಿಲ್ಲ, ಸಕ್ಕರೆಯಂತೂ ಧಾರಾಳ.

ಅಡುಗೆಮನೆಯ ತಕ್ಕಡಿ

ರೈಟರ್ ಮೊದಲೇ ಒಂದು ತೀರ್ಮಾನಕ್ಕೆ ಬಂದಿದ್ದರು: ಲಿವರಿನಲ್ಲಿ ಕೊಬ್ಬು ಕೂತಿದೆ, ಆದ್ದರಿಂದ ಎಣ್ಣೆ ಬಿಟ್ಟರೆ ಸಾಕು. ಇದು ಎಲ್ಲರೂ ಮಾಡುವ ತಪ್ಪು. ಲಿವರಿಗೆ ಬರುವ ಕೊಬ್ಬಿನ ದೊಡ್ಡ ಪಾಲು ಆ ದಿನ ತಿಂದ ಎಣ್ಣೆಯಿಂದ ನೇರವಾಗಿ ಬರುವುದಲ್ಲ. ಹೊಟ್ಟೆಯಲ್ಲಿ ಕೂತ ಕೊಬ್ಬು ಇನ್ಸುಲಿನ್ ಮಾತು ಕೇಳದೆ ಹಗಲೂ ರಾತ್ರಿ ಕರಗಿ ರಕ್ತಕ್ಕೆ ಇಳಿಯುತ್ತದೆ, ಲಿವರ್ ಅದನ್ನು ಹಿಡಿದಿಡುತ್ತದೆ. ಅದರ ಮೇಲೆ ಸಕ್ಕರೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದರ ಬಹುಪಾಲನ್ನು ಲಿವರೇ ಸಂಭಾಳಿಸಬೇಕು, ಹೆಚ್ಚಾದದ್ದನ್ನು ಅದು ಕೊಬ್ಬಾಗಿ ಮಾಡಿಡುತ್ತದೆ. ಎಣ್ಣೆ ಕಡಿಮೆ ಮಾಡುವುದು ಬೇಕು, ಆದರೆ ಅದು ತೂಕ ಇಳಿಸಲೆಂದು. ಎಣ್ಣೆ ಬಿಟ್ಟು ಬೆಲ್ಲ ಉಳಿಸಿಕೊಂಡರೆ ಅರ್ಧ ಕೆಲಸವೂ ಆಗುವುದಿಲ್ಲ.

ಮುಂದಿನ ಭೇಟಿಗೆ ಹೆಂಡತಿಯೂ ಬಂದರು. ಒಂದು ವಾರ ಅಡುಗೆಮನೆಯಲ್ಲಿ ಚಿಕ್ಕ ತಕ್ಕಡಿ ಇಟ್ಟು, ಏನನ್ನೂ ಬದಲಿಸದೆ ಸುಮ್ಮನೆ ತೂಗಿ ಬರೆಯಿರಿ ಎಂದು ಕೇಳಲಾಗಿತ್ತು. ಬೆಳಿಗ್ಗೆ ಆರಕ್ಕೆ ಬೆಲ್ಲದ ಕಾಫಿ, ಹಾಲಿಲ್ಲದ್ದು, ದೊಡ್ಡ ಸ್ಟೀಲ್ ಲೋಟ. ಅಂದಾಜಿನಲ್ಲಿ ಮುರಿದು ಹಾಕುತ್ತಿದ್ದ ಬೆಲ್ಲದ ತುಂಡು 22 ಗ್ರಾಂ ತೂಗಿತು. ಆಮೇಲೆ ಮನೆಯಲ್ಲಿ ಎರಡು ಹಾಲಿನ ಕಾಫಿ, ಒಂದೊಂದಕ್ಕೆ "ಎರಡು ಚಮಚ" ಸಕ್ಕರೆ. ಮಟ್ಟಸವಾದ ಟೀ ಚಮಚದಲ್ಲಿ 4 ಗ್ರಾಂ ಹಿಡಿಯುತ್ತದೆ. ಇವರ ಮನೆಯ ಚಮಚ ಗೋಪುರವಾಗಿ ಏರಿ, ಎರಡಕ್ಕೆ 13 ಗ್ರಾಂ ಆಗಿತ್ತು. ತೋಟದ ಆಫೀಸಿನಲ್ಲಿ ಇನ್ನೆರಡು, ಅಲ್ಲಿ ಪಾತ್ರೆಗೇ ಸಕ್ಕರೆ ಹಾಕಿ ಕುದಿಸುತ್ತಾರೆ. ಬೆಳಗಿನ ಅಕ್ಕಿ ರೊಟ್ಟಿಗೆ ಒಂದು ದೊಡ್ಡ ಚಮಚ ಜೇನು. ಎಲ್ಲ ಕೂಡಿಸಿದರೆ ದಿನಕ್ಕೆ ಸುಮಾರು 90 ಗ್ರಾಂ ಸಿಹಿ, ಒಂದು ತುಣುಕು ಸಿಹಿತಿಂಡಿ ಮುಟ್ಟದೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಪ್ರಕಾರ ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ ದಾಟಬಾರದು. 25ರೊಳಗಿದ್ದರೆ ಇನ್ನೂ ಒಳ್ಳೆಯದು.

"ಸಕ್ಕರೆ ನಾವು ಜಾಸ್ತಿ ಬಳಸೋದೇ ಇಲ್ಲ ಮೇಡಂ, ಬೆಲ್ಲವೇ" ಎಂದರು ಹೆಂಡತಿ. ಜೇನೂ ಸ್ವಂತ ಪೆಟ್ಟಿಗೆಯದು, ಕಲಬೆರಕೆ ಇಲ್ಲ. ಜೇನಿನ ಮಾತು ನಿಜ. ಆದರೆ ಲಿವರಿಗೆ ಬೆಲ್ಲ, ಜೇನು, ಸಕ್ಕರೆ ಮೂರೂ ಹೆಚ್ಚುಕಡಿಮೆ ಒಂದೇ. ಬೆಲ್ಲದಲ್ಲಿ ಅಷ್ಟಿಷ್ಟು ಖನಿಜ ಇದ್ದರೂ 22 ಗ್ರಾಂ ತಿನ್ನಲು ಅದು ಕಾರಣವಾಗುವುದಿಲ್ಲ.

ಕಾಫಿಯನ್ನೇ ಬಿಡಿ ಎಂದು ಹೇಳಲಿಲ್ಲ. ಕಾಫಿ ಬೆಳೆಯುವವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ ಎಂಬುದು ಒಂದು. ಕಾಫಿ ಕುಡಿಯುವವರಲ್ಲಿ ಲಿವರಿನ ನಾರು ಕಡಿಮೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ ಎಂಬುದು ಇನ್ನೊಂದು. ಕಾಫಿಯೇ ಅದಕ್ಕೆ ಕಾರಣ ಎಂದು ಸಾಬೀತಾಗಿಲ್ಲ, ಮದ್ದೆಂದು ಕುಡಿಯಬೇಕಾಗಿಯೂ ಇಲ್ಲ. ತೊಂದರೆ ಲೋಟದಲ್ಲಿರುವ ಸಿಹಿಯದು.

ಇಳಿಸಿದ್ದು ಹೀಗೆ. ಮೊದಲ ಎರಡು ವಾರ ಚಮಚದ ಗೋಪುರವನ್ನು ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡುವುದು, ಅಷ್ಟೇ. 13 ಗ್ರಾಂ 8 ಆಯಿತು, ರುಚಿಯಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಮೂರನೆಯ ವಾರದಿಂದ ಒಂದೂವರೆ, ಐದನೆಯ ವಾರದಿಂದ ಒಂದು. ಬೆಲ್ಲದ ಕಾಫಿಗೆ ಲೋಟವನ್ನೇ ಬದಲಿಸಲಾಯಿತು. ದೊಡ್ಡ ಲೋಟದಲ್ಲಿ ಬೆಲ್ಲ ಕಡಿಮೆ ಮಾಡಿದರೆ ಸಪ್ಪೆಯಾಗುತ್ತದೆ. ಸಣ್ಣ ಲೋಟಕ್ಕೆ 8 ಗ್ರಾಂ ಸಾಕು. ಆ ತುಂಡುಗಳನ್ನು ಭಾನುವಾರವೇ ಒಡೆದು ಡಬ್ಬಿಯಲ್ಲಿ ಏಳು ಇಡುವುದು. ಇದನ್ನು ದಿನವೂ ಅಂದಾಜಿನಲ್ಲಿ ಮುರಿಯಲು ಬಿಟ್ಟರೆ ತಿಂಗಳೊಳಗೆ ತುಂಡು ಮತ್ತೆ ದೊಡ್ಡದಾಗುತ್ತದೆ. ಆಫೀಸಿನ ಎರಡರಲ್ಲಿ ಒಂದು ಉಳಿಯಿತು, ಸಕ್ಕರೆ ಹಾಕುವ ಮೊದಲು ತೆಗೆದಿಟ್ಟ ಕಟ್ಟು ಕಾಫಿ. ಕಟ್ಟು ಕಾಫಿ ಬೇರೆಯಾಗಿ ತೆಗೆಯಲು ಅಡುಗೆಯವಳಿಗೆ ನೆನಪಾಗಲು ಹದಿನೈದು ದಿನ ಬೇಕಾಯಿತಂತೆ. ಜೇನು ಭಾನುವಾರ ಮಾತ್ರ. 90 ಗ್ರಾಂ ಇದ್ದದ್ದು 25ರೊಳಗೆ ಬಂತು. ದಿನಕ್ಕೆ 260 ಕ್ಯಾಲೊರಿಗೂ ಹೆಚ್ಚು ಇಳಿಕೆ.

ಎಣ್ಣೆಯ ಲೆಕ್ಕ ತಟ್ಟೆಯಲ್ಲಿ ಸಿಗುವುದಿಲ್ಲ, ಅಂಗಡಿ ಚೀಟಿಯಲ್ಲಿ ಸಿಗುತ್ತದೆ. ಮನೆಯಲ್ಲಿ ಐದು ಜನ, ತಿಂಗಳಿಗೆ 5 ಲೀಟರ್. ತಲೆಗೆ ದಿನಕ್ಕೆ 33 ಮಿ.ಲೀ., ತುಪ್ಪ ಮತ್ತು ಹಂದಿ ಕೊಬ್ಬು ಬೇರೆ. ಗುರಿ 20 ಮಿ.ಲೀ., ಅಂದರೆ ತಿಂಗಳಿಗೆ 3 ಲೀಟರ್. "ಎಣ್ಣೆ ಕಡಿಮೆ ಹಾಕಿ" ಎನ್ನುವ ಸಲಹೆ ಎಲ್ಲೂ ನಿಲ್ಲುವುದಿಲ್ಲ. ಯಾಕೆಂದರೆ ಒಗ್ಗರಣೆ ಹಾಕುವ ಕೈ ತನ್ನ ಅಳತೆಯನ್ನು ತಾನೇ ನೆನಪಿಟ್ಟುಕೊಂಡಿರುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಕ್ಯಾನಿನಿಂದ 700 ಮಿ.ಲೀ. ಎಣ್ಣೆಯನ್ನು ಒಂದು ಖಾಲಿ ಬಾಟಲಿಗೆ ಸುರಿದು, ಕ್ಯಾನನ್ನು ಅಟ್ಟಕ್ಕೆ ಹಾಕುವುದು. ವಾರವೆಲ್ಲ ಆ ಬಾಟಲಿಯೇ. ಮೊದಲ ವಾರ ಗುರುವಾರ ಮುಗಿಯಿತು. ಎರಡನೆಯ ವಾರವೂ ಗುರುವಾರ. ಎಲ್ಲಿ ಹೋಗುತ್ತಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಸಂಜೆಯ ಕರಿದ ತಿಂಡಿ, ಮಕ್ಕಳಿಗೆಂದು ವಾರಕ್ಕೆ ಮೂರು ಸಲ. ಅದು ಒಂದಕ್ಕೆ ಇಳಿದ ಮೇಲೆ ಬಾಟಲಿ ಶನಿವಾರದವರೆಗೂ ಬಂತು.

ಅಕ್ಕಿಯ ಊರಿನಲ್ಲಿ ಅಕ್ಕಿ ಬಿಡದೆ

ಇಲ್ಲಿ ಒಂದು ಎಡವಟ್ಟು ನಡೆಯಿತು, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಏಪ್ರಿಲ್ ಮೊದಲ ವಾರ ರೈಟರ್ ಯಾರದೋ ಮಾತು ಕೇಳಿ ಅಕ್ಕಿಯನ್ನೇ ನಿಲ್ಲಿಸಿದರು. ಮಧ್ಯಾಹ್ನ ರಾಗಿ ಮುದ್ದೆ, ರಾತ್ರಿ ಹಣ್ಣಿನ ರಸ ಮಾತ್ರ. ಎರಡು ವಾರದಲ್ಲಿ ಮೂರೂವರೆ ಕೆ.ಜಿ. ಇಳಿಯಿತು. ಮೂರನೆಯ ವಾರ ತಲೆಸುತ್ತು, ಮಲಬದ್ಧತೆ ಹೆಚ್ಚಾಗಿ ಪಕ್ಕೆ ಭಾರ ಮತ್ತೆ ಏರಿತು. ವಿಷುವಿನ ಊಟಕ್ಕೆ ಹೋದವರು ಸಿಕ್ಕಿದ್ದೆಲ್ಲ ತಿಂದು ಬಂದು, ತಿಂಗಳ ಕೊನೆಗೆ ಮೊದಲಿನ ತೂಕಕ್ಕೇ ಬಂದು ನಿಂತರು.

ತಪ್ಪು ಮೂರು ಕಡೆ. ರಾಗಿ ಹಿಟ್ಟಿಗೂ ಅಕ್ಕಿ ಹಿಟ್ಟಿಗೂ ತೂಕಕ್ಕೆ ತೂಕ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಅಷ್ಟೇ, ಮುದ್ದೆ ದೊಡ್ಡದಾದರೆ ಲಾಭ ಅಲ್ಲೇ ಮುಗಿಯಿತು. ಹಣ್ಣಿನ ರಸವೆಂದರೆ ನಾರು ತೆಗೆದ ಸಕ್ಕರೆ ನೀರು, ಲಿವರಿಗೆ ಕಾಫಿಯ ಬೆಲ್ಲಕ್ಕಿಂತ ಮೇಲಲ್ಲ. ಮೂರನೆಯದು ವೇಗ. ವಾರಕ್ಕೆ ಒಂದೂವರೆ ಕೆ.ಜಿ. ಮೀರಿ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಏರುತ್ತದೆ. ಇವರು ವಾರಕ್ಕೆ ಒಂದೂಮುಕ್ಕಾಲು ಕೆ.ಜಿ. ಇಳಿದಿದ್ದರು. ಪಕ್ಕೆ ಭಾರ ಎಂದು ಬಂದವರಿಗೆ ಪಕ್ಕೆ ನೋವು ಕೊಟ್ಟು ಕಳಿಸಿದ ಹಾಗಾಗುತ್ತಿತ್ತು.

ಎಷ್ಟು ಇಳಿಯಬೇಕು ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಇದ್ದ ತೂಕದ 5 ಶೇಕಡಾ ಇಳಿದರೆ ಲಿವರಿನ ಕೊಬ್ಬು ಕಡಿಮೆಯಾಗಲು ತೊಡಗುತ್ತದೆ, 7 ದಾಟಿದರೆ ಉರಿಯೂತವೂ ತಗ್ಗುತ್ತದೆ, 10ಕ್ಕೆ ಹೋದರೆ ಕೆಲವರಲ್ಲಿ ನಾರೂ ಹಿಂದೆ ಸರಿಯುತ್ತದೆ. 82 ಕೆ.ಜಿ.ಗೆ 7 ಶೇಕಡಾ ಎಂದರೆ 76ರ ಆಸುಪಾಸು. ವಾರಕ್ಕೆ ಕಾಲು ಕೆ.ಜಿ.ಯಿಂದ ಅರ್ಧ ಕೆ.ಜಿ. ಸಾಕು. ಮದುವೆ, ಹಬ್ಬಗಳಲ್ಲಿ ಹೋಗುವ ವಾರಗಳನ್ನೂ ಹಿಡಿದು ಆರು ತಿಂಗಳ ಗಡುವು.

ಎರಡನೆಯ ಸಲ ಅಡುಗೆಯನ್ನು ಬದಲಿಸಲಿಲ್ಲ, ಎಣಿಕೆಯನ್ನು ಬದಲಿಸಿದರು. ಬೆಳಿಗ್ಗೆ ನಾಲ್ಕು ಅಕ್ಕಿ ರೊಟ್ಟಿ ಎರಡಾಯಿತು. ಒಂದು ರೊಟ್ಟಿಗೆ ಸುಮಾರು 50 ಗ್ರಾಂ ಅಕ್ಕಿ ಹಿಡಿಯುತ್ತದೆ, 170 ಕ್ಯಾಲೊರಿ. ಹೋದ ಎರಡು ರೊಟ್ಟಿಯ ಜಾಗಕ್ಕೆ ಒಂದು ಬೇಯಿಸಿದ ಮೊಟ್ಟೆ ಮತ್ತು ಒಂದು ಬಟ್ಟಲು ತರಕಾರಿ ಪಲ್ಯ ಬಂತು. ಈ ಭರ್ತಿ ಇಲ್ಲದೆ ಬರೀ ಎರಡು ರೊಟ್ಟಿ ಎಂದರೆ ಹನ್ನೊಂದು ಗಂಟೆಗೆ ಆಫೀಸಿನ ಬಿಸ್ಕತ್ತಿಗೆ ಕೈ ಹೋಗುತ್ತದೆ. ಮಧ್ಯಾಹ್ನ ಮೂರು ಸೌಟು ಅನ್ನ ಒಂದೂವರೆ ಆಯಿತು, ಮೊದಲು ಸೊಪ್ಪು ಮತ್ತು ಕಾಳಿನ ಸಾರು, ಕೊನೆಗೆ ಅನ್ನ. ಹಬ್ಬದ ಕಡಂಬುಟ್ಟು ಆರು ತಿನ್ನುತ್ತಿದ್ದದ್ದು ಮೂರು. ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಉಂಡೆಗೆ ಎಣ್ಣೆ ಹತ್ತುವುದೇ ಇಲ್ಲ, ದೋಷ ಕಡಂಬುಟ್ಟಿನದಲ್ಲ, ಅದರ ಜೊತೆಗಿನ ಪಂದಿ ಕರಿಯದು.

ಪಂದಿ ಕರಿ ವಾರಕ್ಕೆ ಎರಡು ಸಲ ಇತ್ತು, ಭಾನುವಾರಕ್ಕೆ ಮಾತ್ರ ಎಂದಾಯಿತು. ಮಾಡುವ ಕ್ರಮವನ್ನು ಸ್ವಲ್ಪ ತಿರುಗಿಸಬೇಕಾಯಿತು. ಮಾಮೂಲಾಗಿ ಮಾಂಸ ತನ್ನ ಕೊಬ್ಬಿನಲ್ಲೇ ಬೇಯುತ್ತದೆ, ಆ ಕೊಬ್ಬು ಮಸಾಲೆಯ ಜೊತೆ ತಟ್ಟೆಗೆ ಬರುತ್ತದೆ. ಈಗ ಶನಿವಾರ ರಾತ್ರಿಯೇ ಮಾಂಸವನ್ನು ಅರಿಶಿನ, ಉಪ್ಪು, ಧಾರಾಳ ನೀರು ಹಾಕಿ ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡುವುದು. ಬೆಳಿಗ್ಗೆ ಮೇಲೆ ಬೆಳ್ಳಗೆ ಬೆರಳು ದಪ್ಪದ ಕೊಬ್ಬಿನ ಹೆಪ್ಪು ನಿಂತಿರುತ್ತದೆ. ಅದನ್ನು ಸೌಟಿನಿಂದ ಎತ್ತಿ ತೆಗೆದು, ರುಚಿಗೆ ಒಂದೇ ಚಮಚ ಉಳಿಸಿ, ಆಮೇಲೆ ಹುರಿದ ಮಸಾಲೆ, ಕೊನೆಗೆ ಕಾಚಂಪುಳಿ ಎಂಬ ಹಣ್ಣಿನ ಹುಳಿ. ಮೊದಲ ಸಲ ಎರಡು ಕೆ.ಜಿ. ಮಾಂಸದಿಂದ ಬಂದ ಹೆಪ್ಪು ಒಂದು ದೊಡ್ಡ ಬಟ್ಟಲು ತುಂಬಿತು. ಅದನ್ನು ನೋಡಿದ ಮೇಲೆ ಅತ್ತೆಯವರೂ ಎದುರು ಹೇಳಲಿಲ್ಲವಂತೆ. ತಟ್ಟೆಗೆ ಐದಾರು ತುಂಡು, ಮತ್ತೆ ಬಡಿಸುವುದಿಲ್ಲ. ಕರಿ ಸ್ವಲ್ಪ ತೆಳ್ಳಗಾಗುತ್ತದೆ, ಅದು ನಿಜ. ಕಾಚಂಪುಳಿ ಹಾಕಿದ ಮೇಲೆ ಇನ್ನೂ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಇಂಗಿಸಿದರೆ ಕಪ್ಪು ಬಣ್ಣ ಮತ್ತು ಗಟ್ಟಿತನ ಎರಡೂ ಬರುತ್ತವೆ.

ಕಾಚಂಪುಳಿಯ ಹೆಸರು ಬಂದಾಗ ಒಂದು ಎಚ್ಚರಿಕೆ. ತೂಕ ಇಳಿಸುವ ಮಾತ್ರೆ ಎಂದು ಮಾರುವ ಗಾರ್ಸೀನಿಯಾ ಸಾರ ಇದೇ ಜಾತಿಯ ಹಣ್ಣಿನದು. ಕರಿಗೆ ಹಾಕುವ ಒಂದೆರಡು ಚಮಚ ಹುಳಿಯಿಂದ ಏನೂ ಆಗುವುದಿಲ್ಲ. ಸಾಂದ್ರಗೊಳಿಸಿದ ಮಾತ್ರೆಗಳಿಂದ ಮಾತ್ರ ಲಿವರಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ "ನಮ್ಮ ಕಾಚಂಪುಳಿಯದ್ದೇ ಚಿಕ್ಕಪ್ಪ" ಎಂದು ಒಂದು ಡಬ್ಬಿ ಕಳಿಸಿದ್ದ. ತೆರೆಯದೆ ವಾಪಸಾಯಿತು. ಲಿವರಿಗೆ ಒಳ್ಳೆಯದೆಂದು ದಿನವೂ ಕುಡಿಯುವ ಅಮೃತಬಳ್ಳಿ ಕಷಾಯದಿಂದಲೂ ಹೆಪಟೈಟಿಸ್ ಆದವರಿದ್ದಾರೆ, ಅದೂ ನಿಂತಿತು. ಲಿವರ್ ಟಾನಿಕ್‌ಗಳಿಂದ ಕೊಬ್ಬು ಕರಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಮಳೆಗಾಲ

ನಡಿಗೆ ಏಪ್ರಿಲ್, ಮೇ ತಿಂಗಳಲ್ಲಿ ಸುಲಭವಾಗಿತ್ತು. ಬೆಳಗಿನ ಸುತ್ತಿನ ಅರ್ಧಕ್ಕೆ ಬೈಕು ಬಿಟ್ಟು ನಡೆದರೆ 35 ನಿಮಿಷ, ಏರು ಇರುವುದರಿಂದ ಮಾತಾಡಬಹುದು, ಹಾಡಲಾಗುವುದಿಲ್ಲ, ಆ ಮಟ್ಟದ ಉಸಿರು. ವಾರಕ್ಕೆ ಐದು ದಿನ. ತೂಕ ಇಳಿಯದಿದ್ದರೂ ಇಂಥ ನಡಿಗೆಯಿಂದ ಲಿವರಿನ ಕೊಬ್ಬು ಸ್ವಲ್ಪ ಇಳಿಯುತ್ತದೆ. ಜೂನ್ ಹಿಡಿದ ಮಳೆ ಜುಲೈ ಕೊನೆಯವರೆಗೆ ಬಿಡಲಿಲ್ಲ, ರೈನ್‌ಕೋಟು ಹಾಕಿ ಜಿಗಣೆ ಕಿತ್ತುಕೊಳ್ಳುತ್ತಾ ನಡೆಯುವ ಉತ್ಸಾಹ ಯಾರಿಗೂ ಹೆಚ್ಚು ದಿನ ಇರುವುದಿಲ್ಲ. ಅದರ ಬದಲಿಗೆ ಮನೆಯ ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು ಹತ್ತು ನಿಮಿಷ, ಬೆಳಿಗ್ಗೆ ಮತ್ತು ಸಂಜೆ. ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಎದ್ದು ಕೂರುವುದು, ಮೂರು ಸುತ್ತು. ಇದರಲ್ಲಿ ಎರಡನೆಯದು ಉಳಿಯಿತು, ಮೊದಲನೆಯದು ವಾರದಲ್ಲಿ ಮೂರು ದಿನಕ್ಕೆ ಇಳಿಯಿತು. ತೂಕ 78ರಲ್ಲಿ ಐದು ವಾರ ನಿಂತೇ ಹೋಯಿತು.

ನಿಂತದ್ದಕ್ಕೆ ನಡಿಗೆಯೊಂದೇ ಕಾರಣವಲ್ಲ. ಮಳೆಯಲ್ಲಿ ಮನೆಯಲ್ಲೇ ಇದ್ದವರಿಗೆ ಕಾಫಿ ಎರಡು ಹೆಚ್ಚಾಗಿತ್ತು, ಎಣ್ಣೆ ಬಾಟಲಿ ಮತ್ತೆ ಗುರುವಾರ ಮುಗಿಯುತ್ತಿತ್ತು. ಬಾಟಲಿ ಇದ್ದದ್ದರಿಂದಲೇ ಇದು ತಿಳಿಯಿತು. ಇಲ್ಲದಿದ್ದರೆ "ಏನೂ ಬದಲಾಗಿಲ್ಲ, ಆದರೂ ಇಳೀತಿಲ್ಲ" ಎಂಬ ಮಾತೇ ಬರುತ್ತಿತ್ತು. ಈ ಮಳೆಗಾಲದ್ದೇ ಕಳಲೆ ಮತ್ತು ಅಣಬೆ ಹೊಟ್ಟೆ ತುಂಬಲು ಒಳ್ಳೆಯ ದಾರಿ, ಎಣ್ಣೆ ಅಳತೆಯಲ್ಲಿದ್ದರೆ.

ಆಗಸ್ಟ್ ಮೊದಲ ವಾರ ಒಂದು ಗಾಬರಿಯ ಫೋನ್ ಬಂತು: ಮೂತ್ರ ಕೆಂಪಾಗಿದೆ, ಕಾಮಾಲೆಯೇ? ಹಿಂದಿನ ದಿನ ಕೊಡವರ ಕಕ್ಕಡ ತಿಂಗಳ 18, ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಆ ಸೊಪ್ಪಿನ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ ಎಂಬುದು ಅವರಿಗೂ ಗೊತ್ತಿದ್ದದ್ದೇ, ಲಿವರ್ ಎಂಬ ಪದ ತಲೆಯಲ್ಲಿ ಕೂತ ಮೇಲೆ ಮರೆತು ಹೋಗಿತ್ತು. ಕಾಮಾಲೆಯ ಮೂತ್ರ ಗಟ್ಟಿ ಚಹಾದ ಬಣ್ಣದ್ದು, ಕಣ್ಣಿನ ಬಿಳಿ ಭಾಗವೂ ಹಳದಿಯಾಗುತ್ತದೆ, ಒಂದು ದಿನಕ್ಕೆ ಹೋಗುವುದಿಲ್ಲ. ಇದು ಮರುದಿನ ಹೋಯಿತು. ಪಾಯಸದಲ್ಲಿದ್ದ ಬೆಲ್ಲದ ಬಗ್ಗೆ ಯಾರೂ ಏನೂ ಕೇಳಲಿಲ್ಲ, ವರ್ಷಕ್ಕೊಮ್ಮೆಯದು.

ಆರು ತಿಂಗಳ ಲೆಕ್ಕ

ಸೆಪ್ಟೆಂಬರಿನಲ್ಲಿ, ಕೈಲ್ ಮುಹೂರ್ತದ ಹಬ್ಬವಾಗಿ ಎರಡು ವಾರದ ಮೇಲೆ, ತೂಕ 75.8 ಕೆ.ಜಿ. ಏಳೂವರೆ ಶೇಕಡಾ ಇಳಿಕೆ. ಸುತ್ತಳತೆ 95. ಎಎಲ್‌ಟಿ 36, ಎಎಸ್‌ಟಿ 29, ಟ್ರೈಗ್ಲಿಸರೈಡ್ 152, ಸಕ್ಕರೆಯ ಸರಾಸರಿ 5.7. ಸ್ಕ್ಯಾನಿನಲ್ಲಿ ಗ್ರೇಡ್ 1 ಎಂದು ಬರೆದಿತ್ತು. ಕಣ್ಣಂದಾಜಿನ ಮಾತು ಮೇಲೆ ಹೇಳಿದೆ, ಆದ್ದರಿಂದ ಸಂತೋಷ ಪಡಬೇಕಾದದ್ದು ಸೊಂಟದ ಸುತ್ತಳತೆ ಮತ್ತು ಎಎಲ್‌ಟಿ ನೋಡಿ. ಎಎಲ್‌ಟಿ ಸರಿಯಾದರೆ ಲಿವರ್ ಪೂರ್ತಿ ಸರಿಯಾಯಿತು ಎಂದೂ ಅಲ್ಲ. ಎಎಲ್‌ಟಿ ಸರಿಯಿದ್ದೂ ಕೊಬ್ಬು ಮತ್ತು ನಾರು ಇರುವವರಿದ್ದಾರೆ. ಫಿಬ್-4 ಅನ್ನು ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕುವುದು ಅದಕ್ಕೇ.

ಪಕ್ಕೆಯ ಭಾರ? ಮೇ ಕೊನೆಗೇ ಹೋಗಿತ್ತು, ಮಲಬದ್ಧತೆ ಸರಿಯಾದ ಹೊತ್ತಿಗೆ. ಸಡಿಲ ಬೆಲ್ಟಿಗೂ ಅದರಲ್ಲಿ ಪಾಲಿದೆ. ಜುಲೈನಲ್ಲಿ ಒಂದು ಮದುವೆ ಮುಗಿಸಿ ಬಂದ ಎರಡು ದಿನ ಮತ್ತೆ ಬಂದು ಹೋಯಿತು, ಆ ವಾರ ತೂಕದಲ್ಲಿ ಏನೂ ಬದಲಾವಣೆ ಇರಲಿಲ್ಲ. ಭಾರ ಹೋದ ದಿನವೇ ಅವರು ಚಿಕಿತ್ಸೆ ಮುಗಿಯಿತು ಎಂದುಕೊಂಡಿದ್ದರೆ, ಆಗ ಇಳಿದಿದ್ದದ್ದು ಬರೀ ಎರಡು ಕೆ.ಜಿ. ಅದಕ್ಕೇ ಅವರಿಗೆ ಕೊಟ್ಟ ಗುರುತು ಪಕ್ಕೆಯದಲ್ಲ, ಭಾನುವಾರ ಬೆಳಿಗ್ಗೆ ಕಾಫಿಗೆ ಮೊದಲು ತಕ್ಕಡಿಯದು: ಸತತ ಎರಡು ಭಾನುವಾರ 77 ದಾಟಿದರೆ ಮೊದಲು ಬೆಲ್ಲದ ಡಬ್ಬಿ ತೆರೆದು ತುಂಡು ತೂಗಬೇಕು, ಆಮೇಲೆ ಎಣ್ಣೆ ಬಾಟಲಿ ಯಾವ ದಿನ ಮುಗಿಯಿತು ನೋಡಬೇಕು.

ಹುತ್ತರಿ ಕಳೆದ ಭಾನುವಾರ 76.6 ಇತ್ತು. ಬಾಟಲಿ ಬುಧವಾರವೇ ಖಾಲಿಯಾಗಿತ್ತು, ಅಟ್ಟದಿಂದ ಕ್ಯಾನ್ ಇಳಿಸಿದ್ದನ್ನು ಹೆಂಡತಿಯೇ ಹೇಳಿದರು. ಕುಯ್ಲು ಶುರುವಾಗಿದ್ದರಿಂದ ನಡಿಗೆ ತಾನಾಗಿ ಹೆಚ್ಚಿದೆ. ಮುಂದಿನ ರಕ್ತ ಪರೀಕ್ಷೆ ಮಾರ್ಚ್‌ನಲ್ಲಿ.